ಹುಡುಗನ ಸಹಿ, ಅಪ್ಪನಿಗೆ ಕಾಟ

ಸಂಪಾದಕರೇ,

ಜಮಖಂಡಿ ಕಡೆಯ 17 ವರ್ಷದ ಹುಡುಗನೊಬ್ಬ 40 ಸಾವಿರಕ್ಕೆ ಹಳೇ ಬೈಕ್ ಕೊಂಡ. 15 ಸಾವಿರ ಕೊಟ್ಟು, ಉಳಿದದ್ದಕ್ಕೆ ಬಾಂಡ್ ಪೇಪರ್ ಮೇಲೆ ಸಹಿ ಹಾಕಿದ. ಕಂತು ನಿಂತಿತು. ಈಗ ಮಾರಿದವರು ಅಪ್ಪನ ಹೊಲಕ್ಕೇ ಬಂದು 25 ಸಾವಿರ ಕೇಳುತ್ತಿದ್ದಾರೆ. ಇದು ತಪ್ಪು.

18 ತುಂಬದವರ ಕರಾರು ಮೊದಲಿನಿಂದಲೇ ಅಸಿಂಧು ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪು ಕೊಟ್ಟಿದೆ. ಅಪ್ಪ ಜಾಮೀನು ಹಾಕಿಲ್ಲ, ಬೈಕ್ ಅಪ್ಪನಿಗಾಗಿ ಕೊಂಡದ್ದೂ ಅಲ್ಲ. ಹಾಗಿದ್ದ ಮೇಲೆ ಅವನನ್ನು ಕೇಳುವ ಹಕ್ಕೇ ಇಲ್ಲ. ಹುಡುಗನಿಗೆ 18 ತುಂಬಲಿ ಎಂದು ಕಾದು, ಹಳೇ ಬಾಕಿಗೆ ಹೊಸ ಸಹಿ ಹಾಕಿಸಿಕೊಂಡರೂ ಅದು ನಿಲ್ಲಲ್ಲ.

ಹಾಗಂತ ಬೈಕ್ ಹುಡುಗನಿಗೆ ಪುಕ್ಕಟೆ ಸಿಗುತ್ತದೆ ಅಂತಲ್ಲ. ಮಾರಿದವರು ದಾವೆ ಹಾಕಿದಾಗ ಹುಡುಗ ವಯಸ್ಸಿನ ಕಾರಣ ಹೇಳಿ ಪಾರಾದರೂ, ತನಗೆ ಸಿಕ್ಕ ಲಾಭದ ಮಟ್ಟಿಗೆ ವಾಪಸ್ ಕೊಡು ಎಂದು ಕೋರ್ಟ್ ಹೇಳಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂ ಇದಕ್ಕೇ ಇದೆ. ಬೈಕ್ ಇನ್ನೂ ಮನೆ ಮುಂದೆ ನಿಂತಿದ್ದರೆ ಅದನ್ನು ಬಿಟ್ಟುಕೊಡಬೇಕಾದೀತು.

ಊಟ, ಔಷಧಿಯಂಥ ಅಗತ್ಯ ವಸ್ತು ಕೊಟ್ಟವರ ಕಥೆ ಬೇರೆ. ಅವರು ಹುಡುಗನ ಹೆಸರಲ್ಲಿ ಆಸ್ತಿ ಇದ್ದರೆ ಅದರಿಂದ ವಸೂಲಿ ಮಾಡಬಹುದು. ಬುದ್ಧಿ ಸ್ಥಿಮಿತ ಇಲ್ಲದವರಿಗೂ ಇದೇ ನಿಯಮ. ಆದರೆ ಕಾಯಿಲೆ ಬಿಟ್ಟು ಬಿಟ್ಟು ಬರುವವರು ಚೆನ್ನಾಗಿದ್ದಾಗ ಮಾಡಿದ ಕರಾರು ಮಾತ್ರ ಸಿಂಧು.

ವ್ಯಾಪಾರಿಗಳೇ, ಸಹಿಗೆ ಮುಂಚೆ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ನೋಡಿ. ಹೊಲಕ್ಕೆ ಹೋಗಿ ಹೆದರಿಸುವುದನ್ನು ಮೊದಲು ನಿಲ್ಲಿಸಿ.

— ಒಬ್ಬ ವಕೀಲ, ಬಾಗಲಕೋಟೆ ಜಿಲ್ಲೆ