ಬಂಧನದ ಭಯವಿದ್ದರೆ ಮೊದಲು ಕಲಂ ನೋಡಿ

ಮಾನ್ಯರೆ,

ಬದುವಿನ ಜಗಳದಲ್ಲಿ ದೂರು ದಾಖಲಾದೊಡನೆ, ಕಲಂ ಯಾವುದೆಂದು ತಿಳಿಯದೆ ಮನೆಮಂದಿಗೆಲ್ಲ ನಿರೀಕ್ಷಣಾ ಜಾಮೀನು ಬೇಕೆಂದು ಸಾಲ ಮಾಡುವ ಕುಟುಂಬಗಳನ್ನು ದಾವಣಗೆರೆ ಸುತ್ತಲಿನ ಹಳ್ಳಿಗಳಲ್ಲಿ ಕಂಡು ನೋವಾಗುತ್ತದೆ.

ಕೈಯಿಂದ ಹೊಡೆದು ಸಣ್ಣ ಗಾಯ ಮಾಡಿದ ಆರೋಪವಷ್ಟೇ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 115(2) ಅನ್ವಯಿಸುತ್ತದೆ. ಅದು ಜಾಮೀನೀಯ ಅಪರಾಧವಾದ್ದರಿಂದ ಜಾಮೀನು ಹಕ್ಕಾಗಿ ದೊರೆಯುತ್ತದೆ, ನಿರೀಕ್ಷಣಾ ಜಾಮೀನಿನ ಅರ್ಜಿಯೇ ನಿಲ್ಲದು. ಕುಡುಗೋಲಿನಿಂದ ಗಾಯಗೊಳಿಸಿದ ಆರೋಪವಾದರೆ ಕಲಂ 118(1), ಜಾಮೀನುರಹಿತ. ಆಗ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟ್‌ಗೆ, ಎಫ್‌ಐಆರ್‌ಗೂ ಮೊದಲೇ, ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಬಂಧನ ತಪ್ಪುವುದಿಲ್ಲ. ಮಧ್ಯಂತರ ಆದೇಶ ಬೇಕು, ಇದನ್ನೇ ಹಲವರು ಅರಿಯರು.

ಎಫ್‌ಐಆರ್ ಪ್ರತಿಯಲ್ಲಿ ಪ್ರತಿ ಕಲಮಿನ ಮುಂದೆ ‘ಜಾಮೀನೀಯ’ ಅಥವಾ ‘ಜಾಮೀನುರಹಿತ’ ಎಂದು ಕನ್ನಡದಲ್ಲಿ ನಮೂದಿಸುವಂತೆ ಜಿಲ್ಲಾ ಪೊಲೀಸರು ಕ್ರಮ ಕೈಗೊಳ್ಳಲಿ.

– ಓದುಗ, ದಾವಣಗೆರೆ