"ಯೋಚನೆ ಮಾಡಿ ಹೇಳ್ತೀನಿ" ಅಂದವರ ಬಗ್ಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಡೆಮೊ ಚೆನ್ನಾಗಿ ಆಯ್ತು, ಪೇಷಂಟ್ ದಾಖಲೆ ಇಡುವ ನಿನ್ನ ಸಾಫ್ಟ್‌ವೇರ್ ಡಾಕ್ಟರಿಗೆ ಹಿಡಿಸಿತು, ಕೊನೆಗೆ "ಯೋಚನೆ ಮಾಡಿ ಹೇಳ್ತೀನಿ" ಅಂದರು. ನೀನು "ಆಯ್ತು ಡಾಕ್ಟ್ರೇ, ಅರ್ಜೆಂಟಿಲ್ಲ" ಅಂತ ಎದ್ದು ಬಂದೆ. ಆಮೇಲೆ ಸುದ್ದಿಯೇ ಇಲ್ಲ. ಈಗ ರೇಟು ಇಳಿಸಿ ಫೋನ್ ಮಾಡಲಾ ಅಂತ ಕೇಳಿದ್ದೀಯ.

ಬೇಡ. ಅವರ ಅನುಮಾನ ರೇಟಿನ ಬಗ್ಗೆ ಅಲ್ಲದಿದ್ದರೆ ಡಿಸ್ಕೌಂಟ್‌ನಿಂದ ಏನೂ ಬಗೆಹರಿಯುವುದಿಲ್ಲ. ರೇಟಿನ ಬಗ್ಗೆಯೇ ಆಗಿದ್ದರೆ, ಸುಮ್ಮನಿದ್ದರೆ ಇನ್ನೂ ಇಳಿಯುತ್ತೆ ಅಂತ ನೀನೇ ಹೇಳಿಕೊಟ್ಟಂತೆ. "ಈ ವಾರ ಮಾತ್ರ ಈ ಆಫರ್" ಅನ್ನೋದೂ ಅಷ್ಟೇ. ಮುಂದಿನ ವಾರವೂ ಅದೇ ರೇಟಿಗೆ ಕೊಟ್ಟರೆ ನಿನ್ನ ಉಳಿದ ಮಾತುಗಳನ್ನೂ ಅವರು ನಂಬುವುದಿಲ್ಲ.

ಆ ಮಾತಿನ ಹಿಂದೆ ಸಾಮಾನ್ಯವಾಗಿ ಏನಿರುತ್ತೆ? ದುಡ್ಡಿನ ಯೋಚನೆ ಇರಬಹುದು. ಇದು ನಮ್ಮಲ್ಲಿ ನಡೆಯುತ್ತಾ ಅನ್ನೋ ಅನುಮಾನ ಇರಬಹುದು. ಇನ್ನೊಬ್ಬರನ್ನು ಕೇಳಬೇಕಾಗಿರಬಹುದು. ಇಲ್ಲವೇ, ಮುಖದ ಮೇಲೆ ಬೇಡ ಅನ್ನಲಾಗದ ಸಂಕೋಚ. ಇದರಲ್ಲಿ ಯಾವುದು ಅಂತ ಗೊತ್ತಿಲ್ಲದೇ ನೀನು ಎದ್ದು ಬಂದೆ, ತೊಂದರೆ ಆಗಿದ್ದು ಅಲ್ಲಿ.

ಮುಂದಿನ ಸಲ ಆ ಮಾತು ಬಂದಾಗ ಮೊದಲು ಒಪ್ಪಿಕೋ. "ಖಂಡಿತ ಯೋಚನೆ ಮಾಡಿ" ಅನ್ನು. ಲ್ಯಾಪ್‌ಟಾಪ್ ಮುಚ್ಚು. ಮಾರುವುದು ಮುಗೀತು ಅನ್ನಿಸಿದರೆ ಎದುರಿಗಿರುವವರು ಸ್ವಲ್ಪ ಹಗುರಾಗುತ್ತಾರೆ. ಆಮೇಲೆ ಕೇಳು: "ನಾನು ಏನಾದರೂ ಸರಿಯಾಗಿ ವಿವರಿಸಿಲ್ಲವೇನೋ. ಮುಖ್ಯವಾಗಿ ಯಾವುದರ ಬಗ್ಗೆ ಯೋಚನೆ ಮಾಡಬೇಕು ಅನಿಸ್ತಿದೆ?" ಕೇಳಿ ಸುಮ್ಮನಿರು. ಆ ಮೌನ ತಡೆದುಕೊಳ್ಳೋದು ಕಷ್ಟ, ನಿನಗಂತೂ ಇನ್ನೂ ಕಷ್ಟ. ಆದರೂ ಬಾಯಿ ಬಿಡಬೇಡ. "ಯಾಕೆ?" ಅಂತಲೂ ಕೇಳಬೇಡ. ಹಾಗೆ ಕೇಳಿದರೆ ಅವರು ಸಮರ್ಥನೆ ಕೊಡೋಕೆ ಶುರು ಮಾಡಿ, ಅದಕ್ಕೇ ಅಂಟಿಕೊಳ್ಳುತ್ತಾರೆ.

ಮೊದಲು ಬರುವ ಉತ್ತರ ಎಷ್ಟೋ ಸಲ "ಜಾಸ್ತಿ ಆಯ್ತು" ಅಂತ. ಹೇಳೋಕೆ ಅದು ಸುಲಭ, ಅದಕ್ಕೆ. ತಕ್ಷಣ ಚೌಕಾಸಿಗೆ ಇಳಿಯದೆ, "ದುಡ್ಡಿನ ವಿಷಯ ಬಗೆಹರಿಯಿತು ಅಂತಿಟ್ಟುಕೊಳ್ಳಿ, ಆಗ ಶುರು ಮಾಡ್ತೀರಾ, ಇಲ್ಲಾ ಬೇರೇನಾದರೂ ತಡೀತಿದೆಯಾ?" ಅಂತ ಕೇಳು. ನಿಜವಾದ ತೊಡಕು ಹೆಚ್ಚಾಗಿ ಈ ಎರಡನೇ ಉತ್ತರದಲ್ಲಿ ಹೊರಬರುತ್ತೆ.

ನಿನ್ನ ಡಾಕ್ಟರ್ ಸುಳಿವು ಆಗಲೇ ಕೊಟ್ಟಿದ್ದಾರೆ. ಹಳೇ ಪೇಷಂಟ್‌ಗಳ ದಾಖಲೆ ಏನಾಗುತ್ತೆ ಅಂತ ಎರಡು ಸಲ ಕೇಳಿದರು, ರಿಸೆಪ್ಷನ್‌ನಲ್ಲಿರುವವರಿಗೆ ಪುಸ್ತಕದಲ್ಲಿ ಬರೆದೇ ಅಭ್ಯಾಸ ಅಂದರು ಅಂತ ನೀನೇ ಬರೆದಿದ್ದೀಯ. ಬೇಡ ಅನ್ನೋರು ಇಂಥ ಪ್ರಶ್ನೆ ಕೇಳೋದು ಕಡಿಮೆ. ಬದಲಾಯಿಸುವ ದಿನದ ಗೊಂದಲವನ್ನು ಇವರು ಮನಸ್ಸಿನಲ್ಲೇ ನೋಡುತ್ತಿದ್ದಾರೆ. ರಿಸೆಪ್ಷನ್‌ನವರು ಒಪ್ಪದಿದ್ದರೆ ನಾಳೆ ಕ್ಲಿನಿಕ್ ನಡೆಯೋದಿಲ್ಲ ಅನ್ನೋದು ಅವರಿಗೆ ಗೊತ್ತು.

ಹಾಗಾಗಿ "ಯೋಚನೆ ಮಾಡಿದ್ರಾ?" ಅಂತ ಕೇಳದೆ ಹೀಗೆ ಬರೆ: "ಡಾಕ್ಟ್ರೇ, ಹಳೇ ದಾಖಲೆಗಳ ಬಗ್ಗೆ ನೀವು ಕೇಳಿದ್ದಕ್ಕೆ ನಾನು ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ಇಪ್ಪತ್ತು ಮಾದರಿ ದಾಖಲೆ ಮಾಡಿಕೊಂಡು ಬರ್ತೀನಿ. ನಿಮ್ಮ ರಿಸೆಪ್ಷನ್‌ನವರೇ ಒಂದು ಗಂಟೆ ಕೂತು ನೋಡಲಿ. ಅವರಿಗೆ ಕಷ್ಟ ಅನಿಸಿದರೆ ಇಲ್ಲಿಗೇ ಬಿಡೋಣ. ಗುರುವಾರ ಮಧ್ಯಾಹ್ನ ಆಗುತ್ತಾ?" ಮಾದರಿಯಲ್ಲಿ ನಿಜವಾದ ಪೇಷಂಟ್‌ಗಳ ಹೆಸರು ಬಳಸಬೇಡ, ಡಾಕ್ಟರುಗಳು ಅದನ್ನು ಗಮನಿಸುತ್ತಾರೆ.

"ಬಿಡೋಣ" ಅನ್ನೋ ಸಾಲನ್ನು ತೆಗೆಯಬೇಡ. ಬೇಡ ಅನ್ನೋಕೆ ದಾರಿ ಇದ್ದರೆ ಜನ ಫೋನ್ ತಪ್ಪಿಸೋದು ಕಡಿಮೆ. ಮತ್ತೆ, ಮನೆಯವರನ್ನೋ ಪಾರ್ಟ್‌ನರನ್ನೋ ಕೇಳಬೇಕು ಅಂದರೆ, ನಿನ್ನ ಅರ್ಧ ಗಂಟೆಯ ಮಾತನ್ನು ಡಾಕ್ಟರು ಅಲ್ಲಿ ಎರಡು ಸಾಲಿನಲ್ಲಿ ಹೇಳುತ್ತಾರೆ, ಅದರಲ್ಲಿ ಒಂದು ಸಾಲು ರೇಟು. "ಅವರು ಮೊದಲು ಏನು ಕೇಳಬಹುದು?" ಅಂತ ವಿಚಾರಿಸಿ, ಅದಕ್ಕೆ ಒಂದೇ ಪುಟದ ಉತ್ತರ ಬರೆದುಕೊಡು.

ಗುರುವಾರ ಆಗುತ್ತಾ ಅಂತ ಕೇಳಿದ ಮೆಸೇಜಿಗೂ ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಕೊನೆಯದೊಂದು ಕಳಿಸು: "ಈಗ ಇದು ಬೇಡ ಅಂತ ಅಂದುಕೊಳ್ತೀನಿ, ತೊಂದರೆ ಇಲ್ಲ. ಮುಂದೆ ಬೇಕೆನಿಸಿದರೆ ನನ್ನ ನಂಬರ್ ಇದೇ." ಆಮೇಲೆ ನಿಜವಾಗಿ ಬಿಟ್ಟುಬಿಡು. ಕೆಲವರು ಇದಕ್ಕೆ ಉತ್ತರಿಸುತ್ತಾರೆ, ತುಂಬ ಜನ ಉತ್ತರಿಸೋದಿಲ್ಲ.

ನೀನು ಬರೆದ ಆ ಇನ್ನೊಬ್ಬರು, ಲ್ಯಾಬ್‌ನವರು, ಬೇರೆ ಥರ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ದಿನ ಕೇಳಿದರೆ "ನಾನೇ ಫೋನ್ ಮಾಡ್ತೀನಿ" ಅಂದರು, ಎಲ್ಲದಕ್ಕೂ "ಸೂಪರ್" ಅಂದರು. ಅವರನ್ನು ಈ ತಿಂಗಳ ಲೆಕ್ಕದಿಂದ ತೆಗೆದುಬಿಡು. ಡಾಕ್ಟರಿಗೆ ಕಳಿಸುವ ಮೆಸೇಜನ್ನು ಇವತ್ತೇ ಬರೆ, ಕಳಿಸುವ ಮುಂಚೆ ನನಗೂ ತೋರಿಸು.

ನಿನ್ನ ಗೆಳೆಯ