ಅಳಿಸುವ ಕೋರಿಕೆಗಳನ್ನು ಇನ್ನು ಮುಂದೆ ನಿರ್ವಹಿಸುವ ರೀತಿಯ ಕುರಿತು

ಮಾನ್ಯ ಗ್ರಾಹಕರೇ,

ಕಳೆದ ತಿಂಗಳು ನಮ್ಮ ಒಂದು ಡಿಸ್ಕ್ ಕೆಟ್ಟಾಗ, ನಿಮ್ಮ ಪರವಾಗಿ ನಾವು ನಿರ್ವಹಿಸುವ ಭೇಟಿ ಪಟ್ಟಿಯನ್ನು ನಾಲ್ಕು ದಿನ ಹಳೆಯ ಬ್ಯಾಕಪ್‌ನಿಂದ ಮರಳಿ ತಂದೆವು. ಆ ನಾಲ್ಕು ದಿನಗಳಲ್ಲಿ ತಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳಿದ್ದ, ನಾವು ಅಳಿಸಿಯೂ ಇದ್ದ ಹನ್ನೊಂದು ಜನರ ಹೆಸರುಗಳು ಪಟ್ಟಿಯ ಜೊತೆಗೇ ಹಿಂದಿರುಗಿದವು. ಮರುದಿನ ಬೆಳಿಗ್ಗೆ ಅವರ ಫೋನಿಗೆ ನಿಮ್ಮ ಹೆಸರಿನಲ್ಲಿ ನೆನಪೋಲೆಯೂ ಹೋಯಿತು. ತಪ್ಪು ನಮ್ಮದು, ಮಾತು ಕೇಳಿದವರು ನೀವು. ಇದಕ್ಕಾಗಿ ಕ್ಷಮೆ ಕೋರುತ್ತೇವೆ.

ಆದರೆ "ಒಂದು ಹೆಸರು ಅಳಿಸಲೂ ಬರುವುದಿಲ್ಲವೇ" ಎಂಬ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲು ನಮಗೆ ಮನಸ್ಸಿಲ್ಲ. ಪಟ್ಟಿಯ ಪ್ರತಿ ಬದಲಾವಣೆಯನ್ನೂ ಬರೆದಿಡುವ ನಮ್ಮ ಲಾಗ್‌ನಲ್ಲಿ ಹೊಸ ನಮೂದನ್ನು ಕೊನೆಗೆ ಸೇರಿಸಬಹುದೇ ಹೊರತು ಹಳೆಯದನ್ನು ತಿದ್ದಲಾಗದು. ಪ್ರತಿ ನಮೂದೂ ತನ್ನ ಹಿಂದಿನ ನಮೂದಿನ ಹ್ಯಾಶ್ ಅನ್ನು, ಅಂದರೆ ಅದರ ಬರಹದಿಂದಲೇ ಲೆಕ್ಕಹಾಕಿದ ಗುರುತು ಸಂಖ್ಯೆಯನ್ನು, ಹೊತ್ತಿರುತ್ತದೆ. ನಡುವಿನ ಒಂದನ್ನು ಕಿತ್ತರೆ ಅಲ್ಲಿಂದ ಮುಂದಿನ ಸರಪಳಿಯೆಲ್ಲ ತಾಳೆಯಾಗದು. ಯಾರು ಯಾವಾಗ ಏನನ್ನು ಬದಲಿಸಿದರು ಎಂಬ ತಕರಾರು ಬಂದಾಗಲೆಲ್ಲ ನೀವು ನೆಚ್ಚಿಕೊಂಡದ್ದು ಈ ಬಿಗುವನ್ನೇ. ಬ್ಯಾಕಪ್‌ಗಳದ್ದೂ ಅದೇ ಕಥೆ. ಒಮ್ಮೆ ಬರೆದ ಬ್ಯಾಕಪ್ 90 ದಿನ ಯಾರ ಕೈಗೂ, ನಮ್ಮ ಕೈಗೂ, ಬಗ್ಗುವುದಿಲ್ಲ. ಒಳಗೆ ನುಗ್ಗಿದ ದುರುಳರು ಅದನ್ನು ಹಾಳುಮಾಡದಿರಲಿ ಎಂದೇ ಹಾಗೆ ಮಾಡಿದ್ದೇವೆ. ಕಳ್ಳನನ್ನು ತಡೆಯುವ ಆ ಬೀಗವೇ ಅಳಿಸಲು ಹೋದ ನಮ್ಮನ್ನೂ ತಡೆಯುತ್ತದೆ.

ಆದ್ದರಿಂದ ನಮೂದನ್ನು ಅಳಿಸುವ ಬದಲು ಅದನ್ನು ಓದುವ ದಾರಿಯನ್ನೇ ನಾಶಮಾಡುವ ಕ್ರಿಪ್ಟೊ-ಶ್ರೆಡ್ಡಿಂಗ್ ಎಂಬ ಪದ್ಧತಿಗೆ ಬಂದಿದ್ದೇವೆ. ಈಗ ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಬ್ಬ ವ್ಯಕ್ತಿಗೂ 32 ಬೈಟ್‌ಗಳ ಪ್ರತ್ಯೇಕ ಕೀಲಿಯೊಂದಿದೆ. ಅವರ ಹೆಸರು, ಫೋನ್, ಟಿಪ್ಪಣಿಗಳೆಲ್ಲವೂ ಲಾಗ್ ಸೇರುವ ಮೊದಲೇ ಆ ಕೀಲಿಯಿಂದ ಎಇಎಸ್-256 ಎಂಬ ಗೂಢಲಿಪಿ ವಿಧಾನದಲ್ಲಿ ಗೂಢವಾಗುತ್ತವೆ. ಹ್ಯಾಶ್ ತೆಗೆಯುವುದು ಈ ಗೂಢರೂಪದ ಮೇಲೆಯೇ ಆದ್ದರಿಂದ ಕೀಲಿ ನಾಶವಾದ ಮೇಲೂ ಸರಪಳಿ ಮುರಿಯುವುದಿಲ್ಲ.

ಈಗ, ಫೋನಿನಲ್ಲೂ ಪತ್ರಗಳಲ್ಲೂ ಪದೇಪದೇ ಕೇಳಿದ ದೂರಿಗೆ ಬರುತ್ತೇವೆ: "ಕೀಲಿ ಎಸೆದಿದ್ದೀರಿ ಅಷ್ಟೆ, ಮಾಹಿತಿ ಅಲ್ಲೇ ಇದೆಯಲ್ಲ, ಇದನ್ನು ಅಳಿಸಿದ್ದು ಎನ್ನಬಹುದೇ?" ಪ್ರಶ್ನೆ ನ್ಯಾಯವಾದದ್ದೇ. ಗೂಢರೂಪದ ಬೈಟ್‌ಗಳು ಬ್ಯಾಕಪ್‌ನಲ್ಲಿ 90 ದಿನ, ಲಾಗ್‌ನಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯುತ್ತವೆ ಎಂಬುದು ನಿಜ. 256 ಬಿಟ್‌ಗಳ ಕೀಲಿಯನ್ನು ಒಂದೊಂದಾಗಿ ಊಹಿಸಿ ಅವುಗಳನ್ನು ತೆರೆಯುವುದು ಯಾವ ಯಂತ್ರಕ್ಕೂ ಆಗದ ಕೆಲಸ. ಆ ಬಗ್ಗೆ ನಮಗೆ ಚಿಂತೆಯಿಲ್ಲ. ನಮ್ಮ ಚಿಂತೆ ಇರುವುದು ಕೀಲಿಯ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿದೆಯೇ ಎಂಬುದರಲ್ಲಿ. ಕೀಲಿಗಳನ್ನು ಮಾಹಿತಿಯ ಜೊತೆಗೇ ಅದೇ ಬ್ಯಾಕಪ್‌ಗೆ ಹಾಕಿದರೆ, ಮರುಸ್ಥಾಪನೆಯ ದಿನ ಬೀಗವೂ ಕೀಲಿಯೂ ಒಟ್ಟಿಗೇ ಎದ್ದು ಬರುತ್ತವೆ, ಮಾಡಿದ್ದೆಲ್ಲ ನೀರಿನಲ್ಲಿಟ್ಟ ಹೋಮ. ಒಂದು ಮೂಲ ಕೀಲಿ ಮತ್ತು ಆಯಾ ವ್ಯಕ್ತಿಯ ಕ್ರಮಸಂಖ್ಯೆಯಿಂದ ಲೆಕ್ಕಹಾಕಿ ಕೀಲಿಗಳನ್ನು ಹುಟ್ಟಿಸುವ ಸುಲಭ ದಾರಿಯೂ ಇತ್ತು. ಹಾಗೆ ಹುಟ್ಟಿದ ಕೀಲಿಯನ್ನು ಅಳಿಸಿದರೂ ಮತ್ತೆ ಅದೇ ಲೆಕ್ಕ ಮಾಡಿ ಹುಟ್ಟಿಸಬಹುದಾದ್ದರಿಂದ ಅದನ್ನು ಕೈಬಿಟ್ಟೆವು. ನಮ್ಮ ಕೀಲಿಗಳು ಯಾದೃಚ್ಛಿಕವಾದವು ಮತ್ತು ಬೇರೆಯದೇ ಭಂಡಾರದಲ್ಲಿವೆ. ಒಂದು ಲಕ್ಷ ಜನರ ಕೀಲಿಗಳೂ ಸೇರಿ ಸುಮಾರು 3.2 ಮೆಗಾಬೈಟ್, ಅಂದರೆ ಒಂದು ಫೋಟೊದಷ್ಟು. ಇಷ್ಟು ಚಿಕ್ಕದಾದ್ದರಿಂದಲೇ ಅದರ ಪ್ರತಿಗಳು ಎಷ್ಟಿವೆ, ಎಲ್ಲಿವೆ ಎಂದು ಕಣ್ಣಿಡಲು ಸಾಧ್ಯವಾಗಿದೆ.

ಒಂದು ಕೋರಿಕೆ ಹೇಗೆ ಸಾಗುತ್ತದೆ ಎಂದು ನೋಡಿ. ತಿಂಗಳ 1ರಂದು ನೀವು ಒಬ್ಬರ ಹೆಸರಿನ ಮುಂದೆ "ಅಳಿಸಿ" ಒತ್ತುತ್ತೀರಿ. ಅಂದೇ ಅವರ ಕೀಲಿ ಅಮಾನತಿಗೆ ಹೋಗುತ್ತದೆ. ಪರದೆಯಲ್ಲಾಗಲಿ ವರದಿಯಲ್ಲಾಗಲಿ ಅವರ ಹೆಸರು ಮತ್ತೆ ಕಾಣುವುದಿಲ್ಲ. ಕೈತಪ್ಪಿ ಒತ್ತಿದ್ದರೆ ಏಳು ದಿನದೊಳಗೆ ತಿಳಿಸಬಹುದು. 8ರಂದು ಕೀಲಿ ಭಂಡಾರದಿಂದ ನಾಶವಾಗುತ್ತದೆ, ಆಮೇಲೆ ನೀವು ಕೇಳಿದರೂ ಅದನ್ನು ಮರಳಿ ತರುವುದಿಲ್ಲ. ಭಂಡಾರಕ್ಕೂ ಒಂದು ಬ್ಯಾಕಪ್ ಇರಲೇಬೇಕು, ಏಕೆಂದರೆ ಅದು ಕಳೆದುಹೋದರೆ ನಿಮ್ಮೆಲ್ಲರ ಮಾಹಿತಿಯೂ ಒಮ್ಮೆಗೇ ನಾಶವಾದಂತೆ. ಆ ಬ್ಯಾಕಪ್ 90 ದಿನ ಉಳಿಯದೆ 14 ದಿನಕ್ಕೇ ಮುಗಿಯುತ್ತದೆ. ಹೀಗೆ 22ರ ಹೊತ್ತಿಗೆ ಆ ಕೀಲಿಯ ಯಾವ ಪ್ರತಿಯೂ ನಮ್ಮಲ್ಲಿ ಇರುವುದಿಲ್ಲ. ನಡುವಿನ ದಿನಗಳಲ್ಲಿ ಭಂಡಾರವನ್ನೇ ಮರುಸ್ಥಾಪಿಸಬೇಕಾಗಿ ಬಂದರೆ, ನಾಶವಾದ ಕೀಲಿಗಳ ಕ್ರಮಸಂಖ್ಯೆ ಮಾತ್ರವಿರುವ, ಹೆಸರಿಲ್ಲದ ಪಟ್ಟಿಯೊಂದನ್ನು ಬೇರೆಡೆ ಇಟ್ಟಿದ್ದೇವೆ. ಅದರಂತೆ ಮತ್ತೊಮ್ಮೆ ಅಳಿಸದೆ ಭಂಡಾರದ ಬಾಗಿಲು ತೆರೆಯುವುದಿಲ್ಲ. ಕಳೆದ ತಿಂಗಳು ನಮ್ಮಲ್ಲಿ ಇಲ್ಲದಿದ್ದದ್ದು ಇದೇ ಪಟ್ಟಿ.

ಇದು ಕಾಗದದ ಮೇಲಿನ ಮಾತಲ್ಲ ಎಂದು ತಿಳಿಯಲು ಬ್ಯಾಕಪ್ ಒಂದನ್ನು ಪ್ರತ್ಯೇಕ ಯಂತ್ರದಲ್ಲಿ ಮರುಸ್ಥಾಪಿಸಿ, ಪರೀಕ್ಷೆಗೆಂದೇ ಸೃಷ್ಟಿಸಿ ಅಳಿಸಿದ್ದ ಖಾತೆಯನ್ನು ತೆರೆಯಲು ಯತ್ನಿಸಿದೆವು. "ಕೀಲಿ ಇಲ್ಲ" ಎಂಬ ಉತ್ತರವೇ ಬಂತು, ಸಮಾಧಾನವಾಯಿತು. ಆದರೆ ಚಾಲ್ತಿಯಲ್ಲಿದ್ದ ವರದಿ ತಯಾರಿಸುವ ಯಂತ್ರ ಅದೇ ಖಾತೆಯನ್ನು ಸಲೀಸಾಗಿ ಓದುತ್ತಿತ್ತು, ಹಿಂದೆಂದೋ ಪಡೆದ ಕೀಲಿಯನ್ನು ಅದು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿತ್ತು. ದೋಷಗಳನ್ನು ದಾಖಲಿಸುವ ಇನ್ನೊಂದು ಕಡತದಲ್ಲಿ ಫೋನ್ ಸಂಖ್ಯೆಗಳು ಗೂಢವಾಗದೆಯೇ ಬಿದ್ದಿದ್ದವು. ಈಗ ಯಾವ ಯಂತ್ರವೂ ಕೀಲಿಯನ್ನು ಐದು ನಿಮಿಷಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳುವುದಿಲ್ಲ, ದೋಷದ ಕಡತಕ್ಕೆ ಸಂಖ್ಯೆಗಳು ಹೋಗುವುದಿಲ್ಲ. ಪರೀಕ್ಷೆ ಪ್ರತಿ ತಿಂಗಳೂ ನಡೆಯುತ್ತದೆ.

ಇನ್ನು ನಮ್ಮ ಸೇವೆಯ ಶುಲ್ಕ ಏರಿಸಿದ ವಿಷಯ. "ಅಳಿಸುವುದಕ್ಕೂ ದುಡ್ಡು ಕೇಳುತ್ತಾರೆ" ಎಂಬ ಮಾತು ನಮ್ಮ ಕಿವಿಗೆ ಬಿದ್ದು ನೋವಾಗಿದೆ. ಏರಿಕೆಯ ಕಾರಣ ಅಳಿಸುವುದಲ್ಲ, ಇಟ್ಟುಕೊಳ್ಳುವುದು. ಗೂಢಗೊಳಿಸಿದ ಪ್ರತಿ ನಮೂದಿಗೂ 28 ಬೈಟ್‌ಗಳು ಹೆಚ್ಚುವರಿಯಾಗಿ ಅಂಟಿಕೊಳ್ಳುತ್ತವೆ. 140 ಬೈಟ್‌ಗಳ ನಮೂದಿಗೆ ಇದು ಐದರಲ್ಲೊಂದು ಪಾಲು. ಅದನ್ನಾದರೂ ನಾವೇ ನುಂಗಿಕೊಳ್ಳಬಹುದಿತ್ತು. ದೊಡ್ಡ ಹೊರೆ ಬಂದದ್ದು ಬೇರೆ ಕಡೆಯಿಂದ: ಮೊದಲು ಸಾವಿರಾರು ನಮೂದುಗಳನ್ನು ಒಟ್ಟುಗೂಡಿಸಿ ಕುಗ್ಗಿಸುತ್ತಿದ್ದೆವು, ಒಂದೇ ಬಗೆಯ ಸಾಲುಗಳು ಮರುಕಳಿಸುವುದರಿಂದ ಅವು ಚೆನ್ನಾಗಿ ಕುಗ್ಗುತ್ತಿದ್ದವು. ಗೂಢರೂಪದಲ್ಲಿ ಮರುಕಳಿಕೆಯೇ ಇರದ ಕಾರಣ ಅದು ಕುಗ್ಗುವುದಿಲ್ಲ. ಗೂಢಗೊಳಿಸುವ ಮೊದಲೇ ಕುಗ್ಗಿಸೋಣವೆಂದರೆ, ಒಬ್ಬೊಬ್ಬರಿಗೂ ಬೇರೆ ಕೀಲಿ ಇರುವುದರಿಂದ ಪುಟ್ಟ ನಮೂದನ್ನು ಒಂಟಿಯಾಗಿ ಹಿಂಡಬೇಕು, ಅದರಿಂದ ಹೆಚ್ಚೇನೂ ಸಿಗದು. ನಮ್ಮ ಲಾಗ್ ಈಗ ಮೊದಲಿನ ನಾಲ್ಕು ಪಟ್ಟು ಜಾಗ ಹಿಡಿಯುತ್ತಿದೆ, ಬ್ಯಾಕಪ್‌ಗಳೂ ಅಷ್ಟೇ. ಒಂದೇ ಒಂದು ಅಳಿಸುವ ಕೋರಿಕೆಗೂ ನಾವು ಶುಲ್ಕ ಪಡೆದಿಲ್ಲ, ಪಡೆಯುವುದೂ ಇಲ್ಲ.

ಎರಡು ಮಿತಿಗಳನ್ನು ಮುಚ್ಚಿಡಬಾರದು. ಬದಲಾವಣೆಗೆ ಮುಂಚಿನ ಬ್ಯಾಕಪ್‌ಗಳಲ್ಲಿ ಹಳೆಯ ಮಾಹಿತಿ ಗೂಢವಾಗದೆ ಇದೆ; ಅವುಗಳಲ್ಲಿ ಕೊನೆಯದಕ್ಕೆ 90 ದಿನ ತುಂಬುವವರೆಗೆ ಅಳಿಸುವ ಕೋರಿಕೆಗೆ ಪೂರ್ಣ ಅರ್ಥ ಬರುವುದಿಲ್ಲ. ಅಲ್ಲಿಯವರೆಗೆ ಆ ಬ್ಯಾಕಪ್‌ಗಳನ್ನು ಬಳಸಬೇಕಾದರೆ ನಮ್ಮಲ್ಲಿ ಇಬ್ಬರ ಒಪ್ಪಿಗೆ ಬೇಕು. ಇನ್ನೊಂದು, ಒಬ್ಬರ ಟಿಪ್ಪಣಿಯಲ್ಲಿ ನೀವು ಮತ್ತೊಬ್ಬರ ಹೆಸರನ್ನು ಬರೆದಿದ್ದರೆ ಅದು ಮೊದಲನೆಯವರ ಕೀಲಿಯಡಿಯಲ್ಲೇ ಇರುತ್ತದೆ. ಎರಡನೆಯವರನ್ನು ಅಳಿಸಿದಾಗ ಆ ಹೆಸರು ಹೋಗುವುದಿಲ್ಲ. ನೀವೇ ಇಳಿಸಿಕೊಂಡ ಪಟ್ಟಿಗಳಂತೂ ನಮ್ಮ ಕೈಗೆ ಸಿಗುವುದಿಲ್ಲ, ಅವುಗಳನ್ನು ನೀವೇ ಅಳಿಸಬೇಕು.

ನೆನಪೋಲೆ ಹೋದ ಹನ್ನೊಂದು ಜನರಿಗೆ ಏನೆಂದು ಉತ್ತರಿಸುವುದು ಎಂದು ಕೆಲವರು ಕೇಳಿದ್ದೀರಿ. ಅವರಿಗೆ ನಾವೇ ಬರೆಯೋಣವೆಂದರೆ ಅವರ ಸಂಖ್ಯೆಯನ್ನು ಇಟ್ಟುಕೊಳ್ಳಬೇಕಾಗುತ್ತದೆ, ಅದು ಸರಿಯಲ್ಲ. ಹಾಗಾಗಿ ಅಂಥವರು ನಿಮ್ಮ ಬಳಿ ಬಂದರೆ ಈ ಪತ್ರವನ್ನೇ ತೋರಿಸಿ. ಇದಕ್ಕೆ ಉತ್ತರವಾಗಿ ನೀವು ಬರೆದದ್ದನ್ನು ನಾನೇ ಓದಿ, ನಾನೇ ಮರಳಿ ಬರೆಯುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು